ಫೋಟೊದಲ್ಲಿ ಸಿಗದ ಗೆರೆ: ರಾತ್ರಿಪಾಳಿಯ ವೈದ್ಯರಿಗೂ ಎಕ್ಸ್‌ರೇ ತಂತ್ರಜ್ಞರಿಗೂ ಒಂದು ಬಹಿರಂಗ ಪತ್ರ



ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ನನ್ನ ಫೋನಿಗೆ ಎದೆಯ ಎಕ್ಸ್‌ರೇಯ ಒಂದು ಫೋಟೊ ಬಂತು. ಕೆಳಗೆ ಎರಡು ಸಾಲು: ‘ಸಾರ್, ಬೈಕಿಂದ ಬಿದ್ದಿದ್ದಾನೆ, 24 ವರ್ಷ. ಮುಂಗೈ ಮುರಿದಿದೆ, ಬೆಳಿಗ್ಗೆ ಪ್ಲೇಟ್ ಹಾಕ್ತಾರೆ. ಚೆಸ್ಟ್ ಕ್ಲಿಯರ್ ಇದೆಯಾ?’ ನಾನು ಮನೆಯಲ್ಲಿದ್ದೆ. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಹೃದಯದ ಆಕಾರ ಸರಿಯಿತ್ತು, ಪಕ್ಕೆಲುಬು ಮುರಿದ ಹಾಗೆ ಕಾಣಲಿಲ್ಲ, ಎದೆಯಲ್ಲಿ ನೀರು ನಿಂತ ಹಾಗೂ ಕಾಣಲಿಲ್ಲ. ‘ಏನೂ ಕಾಣುತ್ತಿಲ್ಲ’ ಎಂದು ಬರೆದು ಕಳಿಸಿದೆ. ಅರ್ಧ ಗಂಟೆಯೊಳಗೆ ಆ ಎರಡು ಪದ ರೋಗಿಯ ಕೇಸ್ ಶೀಟಿನಲ್ಲಿ ‘ಎದೆಯ ಎಕ್ಸ್‌ರೇ ನಾರ್ಮಲ್, ರೇಡಿಯಾಲಜಿಸ್ಟ್ ಅಭಿಪ್ರಾಯ ಪಡೆಯಲಾಗಿದೆ’ ಎಂದಾಗಿತ್ತು.

ಬೆಳಿಗ್ಗೆ ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಹುಡುಗನ ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಬಲಗಡೆ ಮೇಲ್ಭಾಗದಲ್ಲಿ ಉಸಿರಿನ ಸದ್ದು ಎಡಗಡೆಯಷ್ಟು ಕೇಳಲಿಲ್ಲ. ಬೆರಳಿಗೆ ಹಾಕಿದ ಯಂತ್ರ ಆಮ್ಲಜನಕವನ್ನು 94 ಎಂದು ತೋರಿಸುತ್ತಿತ್ತು. ಇಪ್ಪತ್ತನಾಲ್ಕರ ಆರೋಗ್ಯವಂತನಿಗೆ ಅದು ಕಡಿಮೆ. ಅವರು ನೇರವಾಗಿ ಎಕ್ಸ್‌ರೇ ಕೋಣೆಗೆ ಹೋಗಿ, ಹಿಂದಿನ ರಾತ್ರಿಯ ಚಿತ್ರವನ್ನು ಕನ್ಸೋಲಿನ ಪರದೆಯ ಮೇಲೆ ತೆಗೆಸಿದರು. ಆಮೇಲೆ ನನಗೆ ಫೋನ್ ಮಾಡಿದರು. ತಂತ್ರಜ್ಞರು ಮೂಲ ಡೈಕಾಮ್ ಫೈಲನ್ನೇ ಕಳಿಸಿದರು. ನನ್ನ ಕೆಲಸದ ಮಾನಿಟರಿನಲ್ಲಿ ಅದನ್ನು ತೆರೆದೆ. ಬಲ ಶ್ವಾಸಕೋಶದ ತುದಿಯಲ್ಲಿ, ಎದೆಗೂಡಿನ ಒಳ ಅಂಚಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಕೆಳಗೆ, ಕೂದಲೆಳೆಯಂಥ ಒಂದು ಬಿಳಿ ಗೆರೆ ಬಾಗಿ ಹೋಗಿತ್ತು. ಅದರ ಹೊರಗೆ ರಕ್ತನಾಳದ ಒಂದು ನೆರಳೂ ಇರಲಿಲ್ಲ. ಶ್ವಾಸಕೋಶದ ಹೊದಿಕೆ ಗೋಡೆಯಿಂದ ಬಿಟ್ಟುಕೊಂಡು, ನಡುವೆ ಗಾಳಿ ಸೇರಿತ್ತು. ಅದು ನ್ಯುಮೋಥೊರಾಕ್ಸ್.

ಅಷ್ಟು ಸಣ್ಣ ನ್ಯುಮೋಥೊರಾಕ್ಸ್ ನಡೆದಾಡುವ ಮನುಷ್ಯನಲ್ಲಿ ಕೆಲವೊಮ್ಮೆ ತಾನಾಗಿಯೇ ಆರುತ್ತದೆ. ಆದರೆ ಈ ಹುಡುಗನನ್ನು ಮಲಗಿಸಿ, ಗಂಟಲಿಗೆ ಕೊಳವೆ ಹಾಕಿ, ಯಂತ್ರದಿಂದ ಒತ್ತಡ ಕೊಟ್ಟು ಉಸಿರಾಡಿಸುವವರಿದ್ದರು. ಒತ್ತಡದ ಗಾಳಿ ಶ್ವಾಸಕೋಶದ ತೂತಿನಿಂದ ಹೊರಗೆ ನುಗ್ಗಿ ಎದೆಯೊಳಗೆ ಸಿಕ್ಕಿಬಿದ್ದರೆ ಹೃದಯಕ್ಕೆ ರಕ್ತ ಮರಳುವುದೇ ಕಷ್ಟವಾಗುತ್ತದೆ. ಡಾಕ್ಟರಮ್ಮ ಆಪರೇಷನ್ ನಿಲ್ಲಿಸಿದರು. ಮೊದಲು ಎದೆಗೆ ಕೊಳವೆ ಬಿತ್ತು. ಕೈಯ ಪ್ಲೇಟು ಆಮೇಲೆ ಬಂತು. ಹುಡುಗ ಚೆನ್ನಾಗಿದ್ದಾನೆ.

ಆ ಮಧ್ಯಾಹ್ನ ಫೋಟೊವನ್ನೂ ಫೈಲನ್ನೂ ಒಂದೇ ಮಾನಿಟರಿನಲ್ಲಿ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ಕೂತೆ. ಗೆರೆ ಎಲ್ಲಿದೆ ಎಂದು ಗೊತ್ತಾದ ಮೇಲೂ ಫೋಟೊದಲ್ಲಿ ಅದು ನನಗೆ ಸಿಗಲಿಲ್ಲ. ಇದ್ದದ್ದು ಕಣ್ಣಿಗೆ ತಪ್ಪಿಸಿಕೊಂಡಿದ್ದರೆ ಇನ್ನಷ್ಟು ಎಚ್ಚರ ವಹಿಸುತ್ತೇನೆ ಎಂದುಕೊಳ್ಳಬಹುದಿತ್ತು. ಇಲ್ಲಿ ನೋಡಲು ಗೆರೆಯೇ ಉಳಿದಿರಲಿಲ್ಲ. ಅದು ಎಲ್ಲಿ, ಹೇಗೆ ಕಳೆದುಹೋಯಿತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕೆಂದೇ ಈ ಪತ್ರ.

ಮೊದಲು ಚುಕ್ಕಿಗಳ ಲೆಕ್ಕ. ಆ ಆಸ್ಪತ್ರೆಯ ಡಿಆರ್ ಯಂತ್ರದ ಫಲಕ 35 ಸೆಂಟಿಮೀಟರ್ ಅಗಲ, 43 ಸೆಂಟಿಮೀಟರ್ ಎತ್ತರ. ಪ್ರತಿ ಚುಕ್ಕಿ, ಅಂದರೆ ಪಿಕ್ಸೆಲ್, 0.14 ಮಿಲಿಮೀಟರ್. ಹಾಗಾಗಿ ಡೈಕಾಮ್ ಫೈಲಿನಲ್ಲಿ ಅಡ್ಡಕ್ಕೆ ಸುಮಾರು 2500, ಉದ್ದಕ್ಕೆ ಸುಮಾರು 3070 ಚುಕ್ಕಿಗಳಿದ್ದವು. ಕ್ಯಾಸೆಟ್ ಬಳಸುವ ಸಿಆರ್ ಯಂತ್ರಗಳಲ್ಲಿ ಚುಕ್ಕಿ ಸಾಮಾನ್ಯವಾಗಿ ಇನ್ನೂ ಸ್ವಲ್ಪ ದೊಡ್ಡದು. ಮುದ್ರಿಸಿದ ಫಿಲ್ಮಿನ ಫೋಟೊ ತೆಗೆದ ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು. ಕೇಳಲು ಅದು ಎಕ್ಸ್‌ರೇ ಫಲಕಕ್ಕಿಂತ ಹೆಚ್ಚೇ. ಆದರೆ ಫ್ರೇಮಿನಲ್ಲಿ ಫಿಲ್ಮಿನ ಜೊತೆಗೆ ವ್ಯೂ ಬಾಕ್ಸಿನ ಅಂಚು, ಗೋಡೆ, ಒಂದು ಕ್ಯಾಲೆಂಡರಿನ ಮೂಲೆ ಎಲ್ಲವೂ ಸೇರಿದ್ದವು. ಫಿಲ್ಮು ಫ್ರೇಮಿನ ಮೂರನೇ ಎರಡರಷ್ಟು ಎತ್ತರವನ್ನು ಮಾತ್ರ ತುಂಬಿತ್ತು. ಮೆಸೇಜ್ ಆ್ಯಪ್ ಕಳಿಸುವಾಗ ಇಡೀ ಚಿತ್ರವನ್ನು 1600 ಚುಕ್ಕಿ ಎತ್ತರಕ್ಕೆ ಕುಗ್ಗಿಸಿತು. ಅದರಲ್ಲಿ ಎದೆಯ ಪಾಲಿಗೆ ಬಂದದ್ದು ಸುಮಾರು 1070. ಅಂದರೆ ಒಂದೊಂದು ಚುಕ್ಕಿಗೆ ದೇಹದ 0.4 ಮಿಲಿಮೀಟರ್. ಮೂಲದ ಸುಮಾರು ಎಂಟು ಚುಕ್ಕಿಗಳನ್ನು ಕಲಸಿ ಒಂದು ಚುಕ್ಕಿ ಮಾಡಿದಂತಾಯಿತು. ಶ್ವಾಸಕೋಶದ ಹೊದಿಕೆಯ ಗೆರೆಯ ದಪ್ಪ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಮೂಲದಲ್ಲಿ ಅದಕ್ಕೆ ನಾಲ್ಕೈದು ಚುಕ್ಕಿಗಳ ಜಾಗವಿತ್ತು, ಫೋಟೊದಲ್ಲಿ ಒಂದು, ಹೆಚ್ಚೆಂದರೆ ಎರಡು.

ಒಂದು ಚುಕ್ಕಿಯ ಗೆರೆಯೂ ಗೆರೆಯೇ, ಅದು ಉಳಿದಿದ್ದರೆ ಸಾಕಿತ್ತು. ಆದರೆ ಚಿತ್ರ ಜೆಪೆಗ್ ಆಗುವಾಗ ಅದನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಮನೆಗಳಾಗಿ ಭಾಗ ಮಾಡುತ್ತಾರೆ. ಈ ಫೋಟೊದಲ್ಲಿ ಒಂದು ಮನೆ ಎಂದರೆ ಎದೆಯ ಮೇಲೆ ಸುಮಾರು ಮೂರು ಮಿಲಿಮೀಟರ್ ಚೌಕ. ಪ್ರತಿ ಮನೆಯೊಳಗೆ ನಿಧಾನವಾಗಿ ಬದಲಾಗುವ ಛಾಯೆಯನ್ನು ಚೆನ್ನಾಗಿ ಉಳಿಸಿಕೊಂಡು, ಹತ್ತಿರಹತ್ತಿರ ಏರಿಳಿಯುವ ನವಿರಾದ ವ್ಯತ್ಯಾಸಗಳನ್ನು ಒರಟಾಗಿ ಸುತ್ತುಮಾಡುತ್ತಾರೆ. ವ್ಯತ್ಯಾಸ ತೀರಾ ಸಣ್ಣದಾದರೆ ಅದು ಸೊನ್ನೆಯಾಗುತ್ತದೆ. ಮದುವೆ ಫೋಟೊದಲ್ಲಿ ಹೀಗೆ ಹೋಗುವುದು ಗೋಡೆಯ ಸುಣ್ಣದ ತರಿ. ಎದೆಯ ಎಕ್ಸ್‌ರೇಯಲ್ಲಿ ತೆಳುವಾದ, ಮಸುಕಾದ, ಒಂದು ಚುಕ್ಕಿ ದಪ್ಪದ ಬಿಳಿ ಗೆರೆ ಎಂದರೆ ನಾವು ಹುಡುಕುತ್ತಿರುವ ವಸ್ತುವೇ.

ಇಲ್ಲಿ ಕುಗ್ಗಿಸುವುದನ್ನೇ ದೂರಬಾರದು. ಡೈಕಾಮ್ ಮಾನದಂಡವೂ ಚಿತ್ರವನ್ನು ಕುಗ್ಗಿಸಲು ಬಿಡುತ್ತದೆ, ಬಿಚ್ಚಿದಾಗ ಒಂದು ಚುಕ್ಕಿಯೂ ಬದಲಾಗದಂತೆ ಕುಗ್ಗಿಸುವ ವಿಧಾನಗಳೂ ಅದರಲ್ಲಿವೆ. ಹಾಗಾಗಿ ಮೂಲ ಫೈಲು 15 ಎಂಬಿ, ಫೋಟೊ 150 ಕೆಬಿ, ಆದ್ದರಿಂದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮಾಹಿತಿ ಹೋಯಿತು ಎಂದು ಹೇಳಲಾಗದು. ಹೋದದ್ದು ಯಾವುದು ಎಂದು ಕೇಳಬೇಕು.

ನನ್ನ ಮಟ್ಟಿಗೆ ಚುಕ್ಕಿಗಳಿಗಿಂತ ದೊಡ್ಡ ನಷ್ಟ ಕಪ್ಪಿನಲ್ಲಿ ಆಗುತ್ತದೆ. ಇದನ್ನು ತುಸು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಫೋನು ಎಷ್ಟೇ ಒಳ್ಳೆಯದಾದರೂ, ಆ್ಯಪ್ ಏನನ್ನೂ ಕುಗ್ಗಿಸದಿದ್ದರೂ ಈ ನಷ್ಟ ಉಳಿದೇ ಇರುತ್ತದೆ.

ಫಿಲ್ಮಿನ ಕಪ್ಪನ್ನು ಆಪ್ಟಿಕಲ್ ಡೆನ್ಸಿಟಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಅದು 1 ಇದ್ದಲ್ಲಿ ವ್ಯೂ ಬಾಕ್ಸಿನ ಬೆಳಕಿನ ಹತ್ತರಲ್ಲೊಂದು ಪಾಲು ಈಚೆಗೆ ಬರುತ್ತದೆ, 2 ಇದ್ದಲ್ಲಿ ನೂರರಲ್ಲೊಂದು, 3 ಇದ್ದಲ್ಲಿ ಸಾವಿರದಲ್ಲೊಂದು. ಹೃದಯ, ಯಕೃತ್ತುಗಳ ನೆರಳು ಬೆಳ್ಳಗೆ, ಶ್ವಾಸಕೋಶ ಕಪ್ಪಗೆ, ದೇಹದ ಹೊರಗಿನ ಗಾಳಿ ಕಡುಕಪ್ಪಗೆ. ನ್ಯುಮೋಥೊರಾಕ್ಸ್ ಇರುವುದು ಶ್ವಾಸಕೋಶದ ಕಪ್ಪಿಗೂ ಅದಕ್ಕಿಂತ ತುಸು ಹೆಚ್ಚಿನ ಕಪ್ಪಿಗೂ ನಡುವೆ. ಒಳ್ಳೆಯ ವ್ಯೂ ಬಾಕ್ಸಿನ ಮುಂದೆ, ಕತ್ತಲ ಕೋಣೆಯಲ್ಲಿ ನಿಂತರೆ ನಮ್ಮ ಕಣ್ಣು ಆ ಕಪ್ಪಿಗೆ ಹೊಂದಿಕೊಳ್ಳುತ್ತದೆ. ಹಿಂದಿನವರು ಫಿಲ್ಮಿನ ಕಪ್ಪು ಮೂಲೆಗಳನ್ನು ನೋಡಲೆಂದೇ ಪಕ್ಕದಲ್ಲಿ ಒಂದು ಪ್ರಖರ ದೀಪ ಇಟ್ಟುಕೊಳ್ಳುತ್ತಿದ್ದರು.

ಫೋನಿಗೆ ಆ ತಾಳ್ಮೆ ಇಲ್ಲ. ಚೌಕಟ್ಟಿನೊಳಗೆ ವ್ಯೂ ಬಾಕ್ಸಿನ ಬರಿಯ ಬಿಳಿ ಒಂದಿಷ್ಟು ಬಿದ್ದರೂ ಸಾಕು, ಇಡೀ ಚಿತ್ರವೇ ಬೆಳ್ಳಗಿದೆ ಎಂದು ಬಗೆದು ಬೆಳಕನ್ನು ತಗ್ಗಿಸುತ್ತದೆ. ಜೆಪೆಗ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲುಗಳಿವೆ. ಆ ರಾತ್ರಿಯ ಫೋಟೊದಲ್ಲಿ ಶ್ವಾಸಕೋಶದ ತುದಿಯ ಭಾಗವೆಲ್ಲ ಕೆಳಗಿನ ಹತ್ತು ಹದಿನೈದು ಮೆಟ್ಟಿಲುಗಳಲ್ಲೇ ಮುದುಡಿಕೊಂಡಿತ್ತು. ಗೆರೆಗೂ ಅದರ ಆಚೆಗಿನ ಗಾಳಿಗೂ ಇದ್ದ ವ್ಯತ್ಯಾಸ ಒಂದು ಮೆಟ್ಟಿಲೂ ಆಗಲಿಲ್ಲ. ಅದರ ಜೊತೆಗೆ ಕೋಣೆಯ ಟ್ಯೂಬ್‌ಲೈಟು. ಫಿಲ್ಮಿನ ಮೈ ನುಣುಪು, ಬೆಳಕನ್ನು ಸ್ವಲ್ಪ ಹಿಂದಕ್ಕೆ ಚೆಲ್ಲುತ್ತದೆ. ಕಪ್ಪು ಭಾಗದಲ್ಲಿ ಹಿಂದಿನಿಂದ ಬರುವ ಬೆಳಕೇ ನೂರರಲ್ಲೊಂದು, ಸಾವಿರದಲ್ಲೊಂದು ಪಾಲಾದಾಗ ಮುಂದಿನಿಂದ ಚೆಲ್ಲಿದ ಬೆಳಕು ಅದನ್ನು ಮೀರಿಸುತ್ತದೆ. ಕಪ್ಪಿನ ಮೇಲೆ ಬೂದಿ ಎರಚಿದಂತೆ ಎಲ್ಲವೂ ಒಂದೇ ಛಾಯೆಯಾಗುತ್ತದೆ.

ಡೈಕಾಮ್ ಫೈಲಿನಲ್ಲಿ ಇದೇ ಜಾಗದ ಕತೆ ಬೇರೆ. ಅಲ್ಲಿ ಪ್ರತಿ ಚುಕ್ಕಿಗೂ ಸಾಮಾನ್ಯವಾಗಿ 4096 ಮೆಟ್ಟಿಲುಗಳ ಒಂದು ಅಂಕಿ ಇರುತ್ತದೆ. ಮಾನಿಟರು ಅಷ್ಟನ್ನೂ ಒಟ್ಟಿಗೆ ತೋರಿಸುವುದಿಲ್ಲ, ತೋರಿಸಿದರೂ ನಮ್ಮ ಕಣ್ಣು ಹಿಡಿಯುವುದಿಲ್ಲ. ಆದರೆ ಮೌಸ್ ಒತ್ತಿ ಎಳೆದಾಗ ಬೇಕಾದ ನಾಲ್ಕಾರು ನೂರು ಮೆಟ್ಟಿಲುಗಳನ್ನು ಮಾತ್ರ ಆರಿಸಿ, ಅವನ್ನೇ ಕಪ್ಪಿನಿಂದ ಬಿಳಿಯವರೆಗೆ ಹರಡಬಹುದು. ಇದನ್ನೇ ನಾವು ವಿಂಡೊ ಬದಲಿಸುವುದು ಎನ್ನುತ್ತೇವೆ. ಆ ಬೆಳಿಗ್ಗೆ ನಾನು ಮಾಡಿದ್ದು ಇಷ್ಟೇ. ಶ್ವಾಸಕೋಶದ ತುದಿಗೆ ತಕ್ಕಂತೆ ವಿಂಡೊ ಕಿರಿದು ಮಾಡಿದೆ. ಹೃದಯ, ಬೆನ್ನುಮೂಳೆಗಳೆಲ್ಲ ಬಿಳಿಯಾಗಿ ಕರಗಿಹೋದವು, ಕಪ್ಪಿನೊಳಗಿಂದ ಗೆರೆ ಎದ್ದು ಬಂತು. ಫೋಟೊದಲ್ಲೂ ಬ್ರೈಟ್‌ನೆಸ್ ಏರಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಏರಿಸಿ ನೋಡಿದೆ. ಹತ್ತು ಮೆಟ್ಟಿಲನ್ನು ಇನ್ನೂರಕ್ಕೆ ಹರಡಿದರೆ ಸಿಗುವುದು ಹತ್ತು ದೊಡ್ಡ ಮೆಟ್ಟಿಲು ಮತ್ತು ಜೆಪೆಗ್‌ನ ಚೌಕಗಳು.

ಇದಕ್ಕೂ ಮುಂಚೆ, ಫಿಲ್ಮು ಮುದ್ರಣವಾಗುವಾಗಲೇ ಒಂದು ಆಯ್ಕೆ ನಡೆದುಹೋಗಿರುತ್ತದೆ ಎಂಬುದು ನಮ್ಮ ತಂತ್ರಜ್ಞ ಮಿತ್ರರಿಗೆ ಗೊತ್ತು. ಪ್ರಿಂಟ್ ಒತ್ತುವ ಕ್ಷಣದಲ್ಲಿ ಪರದೆಯ ಮೇಲೆ ಯಾವ ವಿಂಡೊ ಇತ್ತೋ ಅದೇ ಫಿಲ್ಮಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಪಕ್ಕೆಲುಬು ಚೆನ್ನಾಗಿ ಕಾಣಲೆಂದು ನೀವು ಕಪ್ಪು ಹೆಚ್ಚಿಸಿ ಮುದ್ರಿಸಿದ್ದರೆ ಶ್ವಾಸಕೋಶದ ಅಂಚು ಆಗಲೇ ಮುಳುಗಿರುತ್ತದೆ.

ಇಷ್ಟೂ ಇದ್ದದ್ದು ಕಾಣದೆ ಹೋಗುವ ಮಾತಾಯಿತು. ಇಲ್ಲದ್ದು ಕಾಣುವ ಪ್ರಸಂಗವೂ ಇದೆ. ಬೇರೊಂದು ಊರಿನಿಂದ ಅರವತ್ತು ದಾಟಿದ ಒಬ್ಬ ತಾಯಿಯ ಎದೆಯ ಫೋಟೊ ಬಂದಿತ್ತು. ಎಡಗಡೆ ಹೊರ ಅಂಚಿಗೆ ಸಮಾನಾಂತರವಾಗಿ ಸ್ಪಷ್ಟವಾದ ಬಿಳಿ ಗೆರೆ, ಅದರಾಚೆ ರಕ್ತನಾಳವಿಲ್ಲದ ಕಪ್ಪು. ‘ನ್ಯುಮೋಥೊರಾಕ್ಸ್ ಇರಬಹುದು, ಕಳಿಸಿ’ ಎಂದೆ. ಆ ತಾಯಿ ರಾತ್ರಿಯೆಲ್ಲ ಆ್ಯಂಬುಲೆನ್ಸಿನಲ್ಲಿ ಬಂದರು. ಫೈಲು ತೆರೆದು ನೋಡಿದರೆ ಅದು ಬೆನ್ನಿನ ಚರ್ಮದ ಮಡಿಕೆ. ಅವರು ಮಲಗಿದ್ದಾಗ ಕ್ಯಾಸೆಟ್ಟನ್ನು ಬೆನ್ನ ಕೆಳಗೆ ತಳ್ಳಿ ತೆಗೆದ ಎಕ್ಸ್‌ರೇ ಅದು.

ಇಲ್ಲಿ ತಪ್ಪು ಹೇಗಾಯಿತು ಎಂಬುದು ತಿಳಿದಿರಲೇಬೇಕಾದ ವಿಷಯ. ಶ್ವಾಸಕೋಶದ ಹೊದಿಕೆ ಒಂದು ಗೆರೆ. ಅದರ ಎರಡೂ ಪಕ್ಕದಲ್ಲಿ ಕಪ್ಪು, ನಡುವೆ ತೆಳು ಬಿಳಿ. ಚರ್ಮದ ಮಡಿಕೆ ಗೆರೆಯಲ್ಲ, ಅಂಚು. ಛಾಯೆ ಒಂದು ಕಡೆಯಿಂದ ನಿಧಾನವಾಗಿ ಬೆಳ್ಳಗಾಗುತ್ತ ಬಂದು, ಒಮ್ಮೆಗೇ ಕಪ್ಪಿಗೆ ಬೀಳುತ್ತದೆ. ಈ ಎರಡರ ವ್ಯತ್ಯಾಸವೇ ನಮ್ಮ ರೋಗನಿರ್ಣಯ. ಫೋನಿನ ಕ್ಯಾಮೆರಾ ಚಿತ್ರ ಚೂಪಾಗಿ ಕಾಣಲೆಂದು ಪ್ರತಿ ಅಂಚಿನ ಬೆಳಕಿನ ಪಕ್ಕಕ್ಕೆ ಒಂದು ಬಿಳಿ ಕಟ್ಟು, ಕತ್ತಲ ಪಕ್ಕಕ್ಕೆ ಒಂದು ಕಪ್ಪು ಕಟ್ಟು ಸೇರಿಸುತ್ತದೆ. ಹಾಗೆ ಕಟ್ಟು ಬಿದ್ದ ಅಂಚು ನೋಡುವವನಿಗೆ ಗೆರೆಯಾಗಿ ಕಾಣುತ್ತದೆ. ಇನ್ನೊಂದೆಡೆ ಅದೇ ಕ್ಯಾಮೆರಾ, ಕತ್ತಲಲ್ಲಿ ಕಾಣುವ ತರಿತರಿಯನ್ನು ಒರೆಸಲು ಹೋಗಿ, ಅಲ್ಲಿನ ಸಣ್ಣ ರಕ್ತನಾಳಗಳನ್ನೂ ಒರೆಸುತ್ತದೆ. ಗೆರೆ ಮತ್ತು ಅದರಾಚೆ ರಕ್ತನಾಳವಿಲ್ಲದ ಕಪ್ಪು, ನ್ಯುಮೋಥೊರಾಕ್ಸಿಗೆ ನಾವು ನಂಬುವ ಎರಡು ಗುರುತುಗಳನ್ನೂ ಫೋನು ತಾನೇ ತಯಾರಿಸಿ ಕೊಟ್ಟಿತ್ತು. ಮೂಲ ಫೈಲಿನಲ್ಲಿ ಮಡಿಕೆಯನ್ನು ದಾಟಿಕೊಂಡು ರಕ್ತನಾಳಗಳು ಎದೆಗೋಡೆಯವರೆಗೂ ಹೋಗಿದ್ದವು. ಮಡಿಕೆಯ ನೆರಳೂ ಎದೆಗೂಡನ್ನು ದಾಟಿ ಹೊಟ್ಟೆಯ ಮೇಲೆ ಇಳಿದಿತ್ತು. ಶ್ವಾಸಕೋಶದ ಹೊದಿಕೆ ಎದೆಗೂಡು ಬಿಟ್ಟು ಹೊರಗೆ ಹೋಗುವುದಿಲ್ಲ.

ಅಳತೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ 14×17 ಇಂಚಿನ ಫಲಕದಲ್ಲಿ ತೆಗೆದ ಎದೆಯನ್ನು ಖರ್ಚು ಉಳಿಸಲು 10×12 ಇಂಚಿನ ಫಿಲ್ಮಿನಲ್ಲಿ ಮುದ್ರಿಸುತ್ತಾರೆ. ಅಂದರೆ ಚಿತ್ರ ಸುಮಾರು 0.7ರಷ್ಟಕ್ಕೆ ಇಳಿದಿರುತ್ತದೆ. ತಾನಾಗಿ ಉಂಟಾದ ನ್ಯುಮೋಥೊರಾಕ್ಸನ್ನು ದೊಡ್ಡದು, ಚಿಕ್ಕದು ಎಂದು ವಿಂಗಡಿಸಲು 2010ರ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ ಹೈಲಂ ಮಟ್ಟದಲ್ಲಿ 2 ಸೆಂಟಿಮೀಟರ್ ಎಂಬ ಗಡಿಯನ್ನು ಹಾಕಿತ್ತು. ಈಗಿನ ಮಾರ್ಗಸೂಚಿ ರೋಗಿಯ ಲಕ್ಷಣಗಳಿಗೆ ಹೆಚ್ಚು ಒತ್ತು ಕೊಡುತ್ತದೆಯಾದರೂ ಆ ಎರಡು ಸೆಂಟಿಮೀಟರ್ ನಮ್ಮ ಬಾಯಲ್ಲಿ ಉಳಿದಿದೆ. ನಿಜವಾಗಿ 2 ಸೆಂಟಿಮೀಟರ್ ಇರುವುದು 10×12 ಫಿಲ್ಮಿನ ಮೇಲೆ ಸ್ಕೇಲು ಇಟ್ಟರೆ 1.4 ಎಂದು ಬರುತ್ತದೆ. ಅದರ ಫೋಟೊದಲ್ಲಿ ಸ್ಕೇಲಿಗೆ ಅರ್ಥವೇ ಇಲ್ಲ. ಫೋನನ್ನು ಒಂದು ಬದಿಗೆ ವಾಲಿಸಿ ಹಿಡಿದಿದ್ದರೆ ಎಡ ಶ್ವಾಸಕೋಶಕ್ಕೂ ಬಲ ಶ್ವಾಸಕೋಶಕ್ಕೂ ಬೇರೆಬೇರೆ ಅಳತೆ. ಡೈಕಾಮ್ ಫೈಲಿನೊಳಗೆ ಒಂದು ಚುಕ್ಕಿ ಎಷ್ಟು ಮಿಲಿಮೀಟರ್ ಎಂಬುದು `(0018,1164) Imager Pixel Spacing` ಎಂಬ ಜಾಗದಲ್ಲಿ ಬರೆದಿರುತ್ತದೆ. ಅದೂ ಫಲಕದ ಮೇಲಿನ ಅಳತೆ. ಫಲಕದಿಂದ ದೂರವಿರುವ ಅಂಗ ತುಸು ದೊಡ್ಡದಾಗಿ ಬಿದ್ದಿರುತ್ತದೆ ಎಂಬುದನ್ನು ನಾವೇ ನೆನಪಿಡಬೇಕು.

ಎಡ ಬಲದ ಗೊಂದಲಕ್ಕೆ ನಾನು ಅದಕ್ಕಿಂತ ಹೆಚ್ಚು ಹೆದರುತ್ತೇನೆ. ಫಿಲ್ಮು ಪಾರದರ್ಶಕ. ವ್ಯೂ ಬಾಕ್ಸಿನ ಮೇಲೆ ತಿರುಗಿಸಿ ಸಿಕ್ಕಿಸಿದರೂ ಎದೆ ಎದೆಯಂತೆಯೇ ಕಾಣುತ್ತದೆ. ಫೋಟೊದ ಅಂಚು ಕತ್ತರಿಸಿದಾಗ ಮೊದಲು ಹೋಗುವುದು ಮೂಲೆಯಲ್ಲಿರುವ R ಅಥವಾ L ಗುರುತು ಮತ್ತು ರೋಗಿಯ ಹೆಸರು. ಎದೆಗೆ ಕೊಳವೆ ಯಾವ ಬದಿಗೆ ಹಾಕಬೇಕು ಎಂದು ಫೋಟೊ ನೋಡಿ ತೀರ್ಮಾನಿಸುವವರು ಮೊದಲು ಆ ಅಕ್ಷರ ಹುಡುಕಿ, ಅದು ನೇರವಾಗಿದೆಯೋ ಕನ್ನಡಿಯಲ್ಲಿ ಕಂಡಂತೆ ತಿರುವಾಗಿದೆಯೋ ನೋಡಿ. ಆಮೇಲೆ ರೋಗಿಯ ಎದೆಯ ಮೇಲೆ ಕೈ ಇಡಿ.

ಹಾಗಾದರೆ ಫೋಟೊ ಕಳಿಸಲೇಬಾರದೇ? ಕಳಿಸಿ. ರಾತ್ರಿ ಹತ್ತಕ್ಕೆ ಅರವತ್ತು ಕಿಲೋಮೀಟರ್ ದೂರದಲ್ಲಿ ನೀವೊಬ್ಬರೇ ಇರುವಾಗ ಏನೂ ಇಲ್ಲದಿರುವುದಕ್ಕಿಂತ ಫೋಟೊ ಎಷ್ಟೋ ಮೇಲು. ಅರ್ಧ ಎದೆ ತುಂಬಿದ ಗಾಳಿ, ಹೃದಯವನ್ನು ಪಕ್ಕಕ್ಕೆ ತಳ್ಳಿರುವ ನೀರು, ಮಗು ನುಂಗಿದ ನಾಣ್ಯ, ಜಾಗ ಬಿಟ್ಟು ಸರಿದಿರುವ ಮೂಳೆ, ಇವು ಕೆಟ್ಟ ಫೋಟೊದಲ್ಲೂ ಕಾಣುತ್ತವೆ, ಕಂಡದ್ದನ್ನು ನಾನು ಧೈರ್ಯದಿಂದ ಹೇಳುತ್ತೇನೆ. ಹೇಳಲಾಗದ್ದು ಒಂದೇ: ‘ಇಲ್ಲ’ ಎಂಬ ಮಾತು. ಸಣ್ಣ ನ್ಯುಮೋಥೊರಾಕ್ಸ್ ಇಲ್ಲ, ಬಿರುಕಿನಂಥ ಪಕ್ಕೆಲುಬಿನ ಮುರಿತ ಇಲ್ಲ, ಹರಡಿದ ಸಣ್ಣ ಕಾಳಿನಂಥ ಕ್ಷಯದ ಚುಕ್ಕೆಗಳಿಲ್ಲ ಎಂದು ಫೋಟೊ ನೋಡಿ ಹೇಳುವ ಹಕ್ಕು ನನಗಿಲ್ಲ. ಆ ರಾತ್ರಿ ನಾನು ಬರೆದ ‘ಏನೂ ಕಾಣುತ್ತಿಲ್ಲ’ ಎಂಬುದು ಫೋಟೊದ ಬಗ್ಗೆ ನಿಜವಾಗಿತ್ತು. ಓದಿದವರು ಅದನ್ನು ರೋಗಿಯ ಬಗ್ಗೆ ಹೇಳಿದ ಮಾತು ಎಂದುಕೊಂಡರು. ಹಾಗೆ ಓದಿಸಿಕೊಳ್ಳುವಂತೆ ಬರೆದ ತಪ್ಪು ನನ್ನದು. ಈಗ ಪೂರ್ತಿ ಬರೆಯುತ್ತೇನೆ: ‘ಫೋನ್ ಫೋಟೊ ನೋಡಿದ್ದೇನೆ. ದೊಡ್ಡ ನ್ಯುಮೋಥೊರಾಕ್ಸ್ ಅಥವಾ ನೀರು ಕಾಣುತ್ತಿಲ್ಲ. ಸಣ್ಣದನ್ನು ಇದರಲ್ಲಿ ತಳ್ಳಿಹಾಕಲು ಆಗದು. ಮೂಲ ಫೈಲು ನೋಡುವವರೆಗೆ ಇದು ವರದಿಯಲ್ಲ.’ ಕೇಸ್ ಶೀಟಿಗೆ ಈ ನಾಲ್ಕು ವಾಕ್ಯಗಳನ್ನೂ ಇಳಿಸಿಕೊಳ್ಳಿ, ದಯವಿಟ್ಟು ಒಂದೇ ಪದವಾಗಿ ಇಳಿಸಬೇಡಿ.

ಮೂಲ ಫೈಲು ಕಳಿಸುವುದು ನೀವು ಅಂದುಕೊಂಡಷ್ಟು ಕಷ್ಟದ ಕೆಲಸವಲ್ಲ. ಡಿಆರ್ ಆಗಲಿ ಸಿಆರ್ ಆಗಲಿ, ಕನ್ಸೋಲಿನಲ್ಲಿ ಚಿತ್ರವನ್ನು ಪೆನ್‌ಡ್ರೈವ್‌ಗೋ ಸಿಡಿಗೋ ಹೊರತೆಗೆಯುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. `Export` ಒತ್ತಿದಾಗ ಯಾವ ರೂಪದಲ್ಲಿ ಬೇಕು ಎಂದು ಕೇಳಿದರೆ `JPEG` ಬಿಟ್ಟು `DICOM` ಆರಿಸಿ. ಬರುವ ಫೈಲಿನ ಹೆಸರಿನ ಕೊನೆಯಲ್ಲಿ `.dcm` ಇರಬಹುದು, ಏನೂ ಇಲ್ಲದೆಯೂ ಇರಬಹುದು, ಜೊತೆಗೆ `DICOMDIR` ಎಂಬ ಇನ್ನೊಂದು ಫೈಲೂ ಇರಬಹುದು. ಇಡೀ ಫೋಲ್ಡರನ್ನು ಜಿಪ್ ಮಾಡಿ, ಮೆಸೇಜ್ ಆ್ಯಪಿನಲ್ಲಿ ಫೋಟೊ ಆಗಿ ಕಳಿಸದೆ `Document` ಆಗಿ ಕಳಿಸಿ. ಹಾಗೆ ಕಳಿಸಿದ್ದನ್ನು ಆ್ಯಪ್ ಕುಗ್ಗಿಸುವುದಿಲ್ಲ. ಎದೆಯ ಒಂದು ಚಿತ್ರ ಹತ್ತು ಹದಿನೈದು ಎಂಬಿ, ಒಂದು ಸಣ್ಣ ವಿಡಿಯೊ ಕಳಿಸಿದಷ್ಟೇ ಹೊತ್ತು. ನಿಮ್ಮ ಕಂಪ್ಯೂಟರಿನಲ್ಲೇ ನೋಡಬೇಕಾದರೆ ವೀಸಿಸ್, ಹೋರೋಸ್‌ನಂಥ ಮುಕ್ತ ತಂತ್ರಾಂಶಗಳಿವೆ. ಫೈಲಿನೊಳಗೆ ರೋಗಿಯ ಹೆಸರು, ಗುರುತಿನ ಸಂಖ್ಯೆ ಇರುತ್ತವೆ, ಆದ್ದರಿಂದ ಗುಂಪಿಗೆ ಹಾಕದೆ ನೋಡಬೇಕಾದ ಒಬ್ಬರಿಗೆ ಮಾತ್ರ ಕಳಿಸಿ.

ಕನ್ಸೋಲಿನ ಕೋಣೆಗೆ ಬೀಗ, ತಂತ್ರಜ್ಞರು ಮನೆಗೆ ಹೋಗಿದ್ದಾರೆ, ಕೈಯಲ್ಲಿ ಫಿಲ್ಮು ಮಾತ್ರ ಇದೆ ಎಂಬ ರಾತ್ರಿಗಳೂ ಬರುತ್ತವೆ. ಆಗ ಕೋಣೆಯ ದೀಪ ಆರಿಸಿ. ಫಿಲ್ಮಿನ ಸುತ್ತ ವ್ಯೂ ಬಾಕ್ಸಿನ ಬರಿ ಬೆಳಕು ಕಾಣುವ ಜಾಗವನ್ನು ಹಳೆಯ ಕಪ್ಪು ಫಿಲ್ಮಿನಿಂದಲೋ ದಪ್ಪ ಕಾಗದದಿಂದಲೋ ಮುಚ್ಚಿ. ಫ್ಲ್ಯಾಷ್ ಬೇಡ. ಫೋನನ್ನು ಫಿಲ್ಮಿಗೆ ಸಮಾನಾಂತರವಾಗಿ ಹಿಡಿದು, ಹೆಸರು ಮತ್ತು R ಗುರುತು ಸೇರಿ ಇಡೀ ಫಿಲ್ಮಿನ ಒಂದು ಫೋಟೊ ತೆಗೆಯಿರಿ. ಆಮೇಲೆ ಹತ್ತಿರ ಹೋಗಿ, ಬಲ ತುದಿಯದೇ ಒಂದು, ಎಡ ತುದಿಯದೇ ಒಂದು. ಹದಿನೈದು ಸೆಂಟಿಮೀಟರ್ ಅಗಲದ ಎದೆಯ ಭಾಗ 1200 ಚುಕ್ಕಿಗಳನ್ನು ತುಂಬಿದರೆ ಒಂದು ಚುಕ್ಕಿಗೆ 0.125 ಮಿಲಿಮೀಟರ್ ಬರುತ್ತದೆ, ಚುಕ್ಕಿಗಳ ಬಡತನ ಅಲ್ಲಿಗೆ ತೀರುತ್ತದೆ. ಹತ್ತಿರದ ಫೋಟೊ ತೆಗೆಯುವಾಗ ಪರದೆಯ ಮೇಲೆ ಶ್ವಾಸಕೋಶದ ಅತಿ ಕಪ್ಪು ಜಾಗವನ್ನು ಬೆರಳಿನಿಂದ ಮುಟ್ಟಿ. ಫೋನು ಆ ಕಪ್ಪಿಗೆ ಹೊಂದಿಸಿಕೊಂಡು ಮೂಳೆಗಳನ್ನು ಬೆಳ್ಳಗೆ ಸುಟ್ಟುಬಿಡುತ್ತದೆ, ಸುಡಲಿ. ಬಡವರ ವಿಂಡೊ ಎಂದರೆ ಅದೇ. ಇವನ್ನೂ `Document` ಆಗಿಯೇ ಕಳಿಸಿ. ಆ ರಾತ್ರಿಯ ಫಿಲ್ಮನ್ನು ಮತ್ತೆ ತರಿಸಿಕೊಂಡು ನಾನು ಹೀಗೆ ತೆಗೆದು ನೋಡಿದೆ. ಗೆರೆಯ ಅರ್ಧ ಭಾಗ ಕಂಡಿತು. ಕೊರಳೆಲುಬಿನ ಹಿಂದಿನ ಉಳಿದರ್ಧ ಕಾಣಲಿಲ್ಲ.

ಡೈಕಾಮ್ ಫೈಲು ಕೈಗೆ ಬಂದರೆ ಎಲ್ಲ ಸರಿಹೋಯಿತು ಎಂದೂ ನಾನು ಹೇಳುತ್ತಿಲ್ಲ. 1985ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘ ಸೇರಿ ಮಾಡಿದ ಮಾನದಂಡ 1993ರಲ್ಲಿ ಡೈಕಾಮ್ ಎಂಬ ಹೆಸರು ಪಡೆಯಿತು. ಬೇರೆಬೇರೆ ಕಂಪನಿಯ ಯಂತ್ರಗಳು ಒಂದೇ ಭಾಷೆ ಆಡಲಿ ಎಂಬುದು ಅದರ ಉದ್ದೇಶ. ಯಂತ್ರ ಹಿಡಿದದ್ದನ್ನು ಅದು ಇದ್ದ ಹಾಗೆ ತಲುಪಿಸುತ್ತದೆ. ರೋಗಿ ಉಸಿರು ಪೂರ್ತಿ ಎಳೆಯದಿದ್ದರೆ, ಅಲುಗಿದ್ದರೆ, ಬೇರೊಬ್ಬರ ಹೆಸರಿನಲ್ಲಿ ದಾಖಲಾಗಿದ್ದರೆ ಆ ತಪ್ಪನ್ನೂ ಹಾಗೇ ತಲುಪಿಸುತ್ತದೆ. ಮಲಗಿಸಿ ತೆಗೆದ ಎದೆಯಲ್ಲಿ ಗಾಳಿ ಮುಂಭಾಗಕ್ಕೆ, ಕೆಳಗಡೆಗೆ ಸರಿಯುತ್ತದೆ, ತುದಿಯಲ್ಲಿ ಗೆರೆಯೇ ಮೂಡದಿರಬಹುದು. ಅಲ್ಲಿ ಎಷ್ಟು ಒಳ್ಳೆಯ ಫೈಲೂ ಸಾಲದು, ಅಲ್ಟ್ರಾಸೌಂಡ್ ಅಥವಾ ಸಿಟಿ ಬೇಕು. ಫೈಲನ್ನು ನಾನು ಮದುವೆ ಮನೆಯ ಬೆಳಕಿನಲ್ಲಿ ನಿಂತು ಫೋನಿನ ಆರಂಗುಲದ ಪರದೆಯಲ್ಲೇ ನೋಡಿದರೆ ನೀವು ಪಟ್ಟ ಶ್ರಮ ಅರ್ಧ ವ್ಯರ್ಥ. ಹಾಗಾಗಿ ಇನ್ನು ಮುಂದೆ ನನ್ನ ಉತ್ತರದಲ್ಲಿ ಎಲ್ಲಿ ನೋಡಿದೆ ಎಂಬುದನ್ನೂ ಬರೆಯುತ್ತೇನೆ, ಮಾನಿಟರಿನಲ್ಲೋ ಫೋನಿನಲ್ಲೋ. ಬರೆಯದಿದ್ದರೆ ಕೇಳಿ.

ಆ ಹುಡುಗನ ಡಾಕ್ಟರು ಅಂದು ಫೋಟೊ ಕಳಿಸಿದ್ದು ಎಚ್ಚರದಿಂದಲೇ. ಕಳಿಸದೆ ತಾವೇ ‘ಕ್ಲಿಯರ್’ ಎಂದು ಬರೆದುಕೊಳ್ಳಬಹುದಿತ್ತು, ಬರೆದುಕೊಳ್ಳಲಿಲ್ಲ. ಕಳೆದ ವಾರ ಅದೇ ಡಾಕ್ಟರು ಇನ್ನೊಂದು ಎದೆಯನ್ನು ಕಳಿಸಿದರು, ಈ ಸಲ ಜಿಪ್ ಫೈಲು. ಜೊತೆಗೆ ಹೀಗೆ ಬರೆದಿದ್ದರು: ‘ಸಾರ್, ಬಲಗಡೆ ಮೇಲೆ ಸದ್ದು ಕಡಿಮೆ ಅನ್ಸುತ್ತೆ, ನಿಂತು ತೆಗೆಸಿದ್ದು, ಆಪರೇಷನ್ ಎಂಟಕ್ಕೆ.’ ಬೆಳಗಿನ ಜಾವ ಐದೂವರೆಗೆ ಎದ್ದು ಆಸ್ಪತ್ರೆಗೆ ಹೋಗಿ ಮಾನಿಟರಿನಲ್ಲಿ ನೋಡಿದೆ. ತುದಿಯವರೆಗೂ ರಕ್ತನಾಳಗಳನ್ನು ಒಂದೊಂದಾಗಿ ಹಿಂಬಾಲಿಸಿದೆ. ಆರು ಗಂಟೆಗೆ ಉತ್ತರ ಬರೆದೆ: ‘ಮೂಲ ಫೈಲು, ಮಾನಿಟರಿನಲ್ಲಿ ನೋಡಿದ್ದೇನೆ. ನಿಂತು ತೆಗೆದ ಚಿತ್ರ. ನ್ಯುಮೋಥೊರಾಕ್ಸ್ ಇಲ್ಲ. ಸದ್ದು ಕಡಿಮೆಯೇ ಇದ್ದರೆ ಅರಿವಳಿಕೆಗೆ ಮುಂಚೆ ಅಲ್ಟ್ರಾಸೌಂಡ್ ಇಟ್ಟು ನೋಡಿ.’

ನಿಮ್ಮವನೇ ಆದ,
ಜಿಲ್ಲಾ ಕೇಂದ್ರದ ಒಬ್ಬ ರೇಡಿಯಾಲಜಿಸ್ಟ್